ನಾಳೆ ಸುದ್ದಿ ಓದುವ ಸರದಿ

ಮಕ್ಕಳೇ, ಎಲ್ಲರೂ ಕೂತುಕೊಳ್ಳಿ. ನಾಡಗೀತೆ ಆಯಿತು, ಸುಭಾಷಿತ ಆಯಿತು, ಬಿಸಿಲು ಇನ್ನೂ ಏರಿಲ್ಲ. ನಿಮ್ಮ ಹೆಡ್‌ಮಾಸ್ಟರ ಅಪ್ಪಣೆ ಪಡೆದೇ ಕೂರಿಸುತ್ತಿದ್ದೇನೆ. ನಾನು ಹೇಳುವ ವಿಷಯವನ್ನು ಕಾಲು ನೋಯಿಸಿಕೊಂಡು ಕೇಳುವುದು ಬೇಡ.

ಈಗಷ್ಟೇ ನಿಮ್ಮಲ್ಲೊಬ್ಬಳು ಇಲ್ಲಿ ನಿಂತು ಪತ್ರಿಕೆಯ ಸುದ್ದಿ ಓದಿ ಹೋದಳು. ಅದೇ ಸರದಿ ನಾಳೆ ಬರಲಿರುವ ಇನ್ನೊಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಆರನೇ ತರಗತಿ. ಮನೆಯಲ್ಲಿ ಗಲಗಲ ಮಾತಾಡುವವಳು, ಕನ್ನಡ ಓದುವುದರಲ್ಲಿ ಚುರುಕು. ಆದರೂ ಇವತ್ತು ರಾತ್ರಿ ಅವಳಿಗೆ ಊಟ ಸೇರುವುದಿಲ್ಲ. ಮಲಗಿದರೆ ಕಣ್ಣೆದುರು ಸಾಲುಸಾಲು ತಲೆಗಳು. ನಾಲಿಗೆ ತೊಡರಿದರೆ? ಹಿಂದಿನ ಸಾಲಿನ ಹುಡುಗರು ನಕ್ಕರೆ? ಬೆಳಗ್ಗೆ ಎದ್ದರೆ ಹೊಟ್ಟೆ ತೊಳಸುತ್ತದೆ, ಮೂರು ಸಲ ಬಚ್ಚಲಿಗೆ ಹೋಗಿ ಬರುತ್ತಾಳೆ. ಎದೆ ಢವಢವ, ಬಾಯಿ ಒಣಗಿದೆ, ಅಂಗೈ ಒದ್ದೆ. ‘ಅಮ್ಮಾ, ಹೊಟ್ಟೆನೋವು, ಇವತ್ತು ಸ್ಕೂಲಿಗೆ ಹೋಗಲ್ಲ’ ಅನ್ನುತ್ತಾಳೆ.

ಅವಳು ಸುಳ್ಳು ಹೇಳುತ್ತಿಲ್ಲ. ಇದನ್ನು ನಿಮಗಿಂತ ಮೊದಲು ನಿಮ್ಮ ಹಿಂದೆ ನಿಂತಿರುವ ದೊಡ್ಡವರಿಗೆ ಹೇಳಬೇಕು. ಆತಂಕದ ಹೊಟ್ಟೆನೋವು ನಿಜವಾದ ನೋವು. ಅದು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಅರ್ಧ ಗಾಬರಿ ಇಳಿಯುತ್ತದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದ ಆಕಾರದ ಸಣ್ಣ ಭಾಗವೊಂದಿದೆ. ಅದರ ಹೆಸರು ಅಮಿಗ್ಡಲ. ಕಾಡಂಚಿನ ಹೊಲದಲ್ಲಿ ಅಟ್ಟಣೆಯ ಮೇಲೆ ಕೂತು ರಾತ್ರಿ ಕಾವಲು ಕಾಯುವವರನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರುತ್ತೀರಿ. ಪೊದೆ ಅಲುಗಿದರೆ ಅದು ಹಂದಿಯೋ ಗಾಳಿಯೋ ಎಂದು ವಿಚಾರಿಸುತ್ತ ಕೂರುವುದಿಲ್ಲ, ಮೊದಲು ತಮಟೆ ಬಡಿಯುತ್ತಾರೆ. ಅಮಿಗ್ಡಲದ ಕೆಲಸವೂ ಅದೇ. ಅದು ಸದ್ದು ಮಾಡಿದೊಡನೆ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಎರಡು ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಅಲ್ಲಿಂದ ಮುಂದೆ ಇಡೀ ದೇಹ ಓಡುವುದಕ್ಕೋ ಹೊಡೆದಾಡುವುದಕ್ಕೋ ಸಜ್ಜಾಗುತ್ತದೆ. ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ವಿಜ್ಞಾನಿ 1915ರಲ್ಲೇ ಪುಸ್ತಕ ಬರೆದು ಇದನ್ನು ವಿವರಿಸಿದ್ದರು.

ಈಗ ಆ ಹುಡುಗಿಯ ಕಷ್ಟಗಳನ್ನು ಮತ್ತೆ ನೋಡಿ. ಕಾಲಿನ ಸ್ನಾಯುಗಳಿಗೆ ರಕ್ತ ಬೇಗ ತಲುಪಲೆಂದು ಎದೆ ಹೊಡೆದುಕೊಳ್ಳುತ್ತದೆ. ಓಡುವಾಗ ಅನ್ನ ಅರಗಿಸುವ ಕೆಲಸ ಯಾಕೆ ಎಂದು ದೇಹ ಹೊಟ್ಟೆಯ ಕಡೆಗಿನ ರಕ್ತವನ್ನು ಕಡಿಮೆ ಮಾಡುತ್ತದೆ, ಅದಕ್ಕೇ ತೊಳಸು. ಜೊಲ್ಲು ಊರುವುದು ಕಡಿಮೆಯಾಗುತ್ತದೆ, ಬಾಯಿ ಒಣಗುತ್ತದೆ. ಮೈ ಕಾಯದಿರಲೆಂದು ಬೆವರು. ಓಡಲು ಸಿದ್ಧವಾದ ಕಾಲುಗಳು ಓಡದೆ ನಿಂತಲ್ಲೇ ನಿಂತಾಗ ನಡುಗುತ್ತವೆ. ಇದರಲ್ಲಿ ಕೆಟ್ಟುಹೋದದ್ದು ಏನೂ ಇಲ್ಲ, ದೇಹ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದೆ. ಆದರೆ ಎದುರಿಗಿರುವುದು ಹಂದಿಯಲ್ಲ, ಪತ್ರಿಕೆಯ ಹಾಳೆ.

ಕೆಲವರಿಗೆ ತಲೆ ಸುತ್ತುತ್ತದೆ, ಬೆರಳ ತುದಿ ಜುಮ್ಮೆನ್ನುತ್ತದೆ, ಇನ್ನೇನು ಬಿದ್ದೇಬಿಟ್ಟೆ ಅನ್ನಿಸುತ್ತದೆ. ಗಾಬರಿಯಲ್ಲಿ ನಾವು ನಮಗೆ ಗೊತ್ತಿಲ್ಲದೆ ಬೇಗಬೇಗ ಉಸಿರಾಡುತ್ತೇವೆ. ಆಗ ರಕ್ತದಲ್ಲಿ ಇರಬೇಕಾದಷ್ಟು ಇಂಗಾಲದ ಡೈಆಕ್ಸೈಡ್ ಉಳಿಯದೆ ಹೊರಗೆ ಹೋಗಿಬಿಡುತ್ತದೆ. ತಲೆಸುತ್ತಿಗೆ ಕಾರಣ ಅದು. ಇಂಥ ಹೊತ್ತಿನಲ್ಲಿ ಪಕ್ಕದವರು ‘ಜೋರಾಗಿ ಉಸಿರು ಎಳ್ಕೋ’ ಅನ್ನುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ಮೇಲಿಂದ ಮೇಲೆ ಜೋರಾಗಿ ಎಳೆದುಕೊಂಡರೆ ತಲೆಸುತ್ತು ಹೆಚ್ಚುತ್ತದೆ. ಗಮನ ಇರಬೇಕಾದದ್ದು ಬಿಡುವ ಉಸಿರಿನ ಮೇಲೆ. ನಿಧಾನವಾಗಿ ಉಸಿರು ಬಿಡುವಾಗ ಹೃದಯದ ಬಡಿತ ಸ್ವಲ್ಪ ಇಳಿಯುತ್ತದೆ. ಬನ್ನಿ, ಒಟ್ಟಿಗೇ ಮಾಡೋಣ. ಒಂದು ಕೈ ಹೊಟ್ಟೆಯ ಮೇಲೆ ಇಡಿ. ಮೂಗಿನಿಂದ ಮೆಲ್ಲಗೆ ಎಳೆದುಕೊಳ್ಳಿ, ಒಂದು, ಎರಡು, ಮೂರು. ಬಿಸಿ ಹಾಲು ಆರಿಸುವ ಹಾಗೆ ತುಟಿ ಮಾಡಿ ಬಿಡಿ, ಒಂದು, ಎರಡು, ಮೂರು, ನಾಲ್ಕು, ಐದು. ಇನ್ನೊಮ್ಮೆ. ಹೀಗೆ ಎರಡು ಮೂರು ನಿಮಿಷ ಮಾಡಬೇಕು. ಒಂದೆರಡು ಉಸಿರಿಗೇ ‘ಏನೂ ಆಗಲಿಲ್ಲ’ ಎಂದು ಬಿಟ್ಟರೆ ಏನೂ ಆಗುವುದಿಲ್ಲ. ಪರೀಕ್ಷೆಯ ದಿನವೇ ಮೊದಲ ಸಲ ಮಾಡಲು ಹೊರಟರೂ ಕೈ ಹತ್ತುವುದಿಲ್ಲ. ಮನಸ್ಸು ನೆಮ್ಮದಿಯಾಗಿರುವ ಸಂಜೆಗಳಲ್ಲಿ ರೂಢಿ ಮಾಡಿಕೊಳ್ಳಿ.

ಆದರೆ ಉಸಿರಾಟ ಆತಂಕವನ್ನು ಓಡಿಸಿಬಿಡುತ್ತದೆ ಎಂದು ನಾನು ಹೇಳಲಾರೆ. ಓಡಿಹೋಗದೆ ನಿಲ್ಲುವಷ್ಟು ಮಟ್ಟಕ್ಕೆ ಅದನ್ನು ಇಳಿಸುತ್ತದೆ, ಅಷ್ಟೇ. ನಿಜವಾದ ಕೆಲಸ ಆಮೇಲಿನದು.

ಆ ಹುಡುಗಿಯ ಅಮ್ಮ ಅವತ್ತು ‘ಆಯ್ತು, ಮನೇಲೇ ಇರು ಮಗಳೇ’ ಅಂದರು ಎಂದುಕೊಳ್ಳಿ. ಪ್ರಾರ್ಥನೆಯ ಹೊತ್ತು ದಾಟುತ್ತಿದ್ದಂತೆ ಹೊಟ್ಟೆನೋವು ಮಾಯ. ಹನ್ನೊಂದು ಗಂಟೆಗೆ ಇಡ್ಲಿ ಕೇಳಿ ತಿನ್ನುತ್ತಾಳೆ. ಎಂಥ ಹಿತ! ಈ ಹಿತದಲ್ಲೇ ಅಪಾಯ ಇರುವುದು. ಅಮಿಗ್ಡಲಕ್ಕೆ ಇದರಿಂದ ಸಿಕ್ಕಿದ ಪಾಠ, ‘ವೇದಿಕೆ ನಿಜವಾಗಿಯೂ ಅಪಾಯವೇ ಇತ್ತು, ತಪ್ಪಿಸಿಕೊಂಡದ್ದರಿಂದ ಬದುಕಿದೆ’ ಎಂದು. ಮುಂದಿನ ಸರದಿಗೆ ಇನ್ನೂ ಬೇಗ, ಇನ್ನೂ ಜೋರಾಗಿ ಸದ್ದು ಮಾಡುತ್ತದೆ. ಮೊದಲು ಸುದ್ದಿ ಓದುವುದು ತಪ್ಪಿತು, ಆಮೇಲೆ ತರಗತಿಯಲ್ಲಿ ಪಾಠ ಓದುವುದು ತಪ್ಪುತ್ತದೆ, ಕೊನೆಗೆ ಸೋಮವಾರವೆಂದರೇ ಹೊಟ್ಟೆ ತೊಳಸುತ್ತದೆ. ಆತಂಕ ಬೆಳೆಯುವುದು ಹೀಗೆ.

ಹಾಗಾದರೆ ಕೈ ಹಿಡಿದು ಎಳೆತಂದು ಮೈಕಿನ ಮುಂದೆ ನಿಲ್ಲಿಸಬೇಕೇ? ಅದೂ ಅಲ್ಲ. ಇದಕ್ಕೆ ಸುಮಾರು ನೂರು ವರ್ಷದ ಹಿಂದಿನ ಒಂದು ಕಥೆ ಇದೆ, ನಡೆದ ಕಥೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ಮನೋವಿಜ್ಞಾನಿ ಅದನ್ನು ಪ್ರಕಟಿಸಿದರು. ಪೀಟರ್ ಎಂದು ಅವರು ಕರೆದ ಹುಡುಗನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ, ಮೊಲ ಕಂಡರೆ ಕಿರುಚುತ್ತಿದ್ದ. ಆಕೆ ಅವನನ್ನು ಕುರ್ಚಿಯಲ್ಲಿ ಕೂರಿಸಿ ಅವನಿಗೆ ಇಷ್ಟವಾದ ತಿಂಡಿ ಕೊಟ್ಟರು. ಅವನು ತಿನ್ನುತ್ತಿರುವಾಗ ಪಂಜರದಲ್ಲಿದ್ದ ಮೊಲವನ್ನು ಅವನ ತಿನ್ನುವಿಕೆಗೆ ಅಡ್ಡಿಯಾಗದಷ್ಟು ದೂರದಲ್ಲಿ ಇಟ್ಟರು. ದಿನ ಕಳೆದಂತೆ ಆ ದೂರ ಕಡಿಮೆಯಾಯಿತು. ಮೊಲಕ್ಕೆ ಹೆದರದ ಬೇರೆ ಮಕ್ಕಳೂ ಅವನ ಜೊತೆಗೆ ಇರುತ್ತಿದ್ದರು. ಕೊನೆಗೆ ಮೊಲ ತನ್ನ ಬೆರಳನ್ನು ಮೆಲ್ಲಗೆ ಕಡಿಯಲೂ ಅವನು ಬಿಟ್ಟ.

ನನಗೆ ಈ ಕಥೆಯಲ್ಲಿ ಬಹಳ ಮುಖ್ಯ ಅನ್ನಿಸುವುದು ನಡುವಿನ ಒಂದು ಘಟನೆ. ಪೀಟರ್ ಎಷ್ಟೋ ಸುಧಾರಿಸಿದ್ದಾಗ ಜ್ವರ ಬಂದು ಸುಮಾರು ಎರಡು ತಿಂಗಳು ಆಸ್ಪತ್ರೆ ಸೇರಿದ. ಅಲ್ಲಿಂದ ಹೊರಡುವಾಗ ದೊಡ್ಡ ನಾಯಿಯೊಂದು ಅವನ ಮೈಮೇಲೆ ಎಗರಿತು. ಹಳೆಯ ಭಯವೆಲ್ಲ ಮತ್ತೆ ಮೊದಲಿನ ಮಟ್ಟಕ್ಕೇ ಬಂತು. ಮೇರಿ ಜೋನ್ಸ್ ಮತ್ತೆ ದೂರದಿಂದ ಶುರು ಮಾಡಿದರು, ಅವನು ಮತ್ತೆ ಗೆದ್ದ. ಭಯ ಹಿಂತಿರುಗಿ ಬಂದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮವಾಯಿತು ಎಂದುಕೊಳ್ಳಬೇಡಿ. ಒಂದೆರಡು ಮೆಟ್ಟಿಲು ಇಳಿದು ಅಲ್ಲಿಂದ ಹತ್ತಿ.

ನಮ್ಮ ಹುಡುಗಿಗೂ ಮೆಟ್ಟಿಲು ಕಟ್ಟೋಣ. ಮೊದಲು ಅವಳು ಅಡುಗೆಮನೆಯಲ್ಲಿ ಕೂತ ಅಜ್ಜಿಗೆ ಸುದ್ದಿ ಓದಿ ಹೇಳಲಿ. ಹೆದರಿಕೆ ಹತ್ತಕ್ಕೆ ಎಷ್ಟು ಎಂದು ತಾನೇ ಅಂಕ ಕೊಟ್ಟುಕೊಳ್ಳಲಿ, ಎರಡು ಇರಬಹುದು. ಆಮೇಲೆ ಇಬ್ಬರು ಗೆಳತಿಯರ ಮುಂದೆ, ನಾಲ್ಕು. ತರಗತಿಯಲ್ಲಿ ನಿಂತು ಓದಿದರೆ ಆರು. ಸಂಜೆ ಎಲ್ಲರೂ ಹೋದ ಮೇಲೆ ಖಾಲಿ ಮೈದಾನಕ್ಕೆ ಇದೇ ವೇದಿಕೆಯಿಂದ ಓದಲಿ. ಬಳಿಕ ಪ್ರಾರ್ಥನೆಯಲ್ಲಿ ಗೆಳತಿಯ ಜೊತೆ ಬಂದು ಒಂದೇ ಒಂದು ತಲೆಬರಹ ಓದಿ ಹೋಗಲಿ, ಎಂಟು. ಕೊನೆಗೆ ಇಡೀ ಸುದ್ದಿ. ಒಂದು ಮೆಟ್ಟಿಲಿನಲ್ಲಿ ಆರು ಇದ್ದ ಅಂಕ ಮೂರಕ್ಕೆ ಇಳಿಯುವವರೆಗೆ ಅದನ್ನೇ ಮತ್ತೆ ಮತ್ತೆ ಮಾಡಬೇಕು. ಸೊನ್ನೆಗೆ ಇಳಿಯಲಿ ಎಂದು ಕಾಯಬೇಕಾಗಿಲ್ಲ. ಚೂರು ಎದೆ ಬಡಿತ ಇದ್ದುಕೊಂಡೇ ಚೆನ್ನಾಗಿ ಓದಬಹುದು.

ಇಲ್ಲಿ ಹಾದಿ ತಪ್ಪುವುದು ಹೇಗೆಂದೂ ಹೇಳಿಬಿಡುತ್ತೇನೆ. ಕೆಲವರು ಪತ್ರಿಕೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದುತ್ತಾರೆ. ಕೆಲವರು ಉಸಿರು ಕಟ್ಟಿ ಗಡಗಡ ಓದಿ ಓಡುತ್ತಾರೆ. ಓದಿದ್ದೇನೋ ಆಯಿತು, ಭಯ ಮಾತ್ರ ಇಳಿಯುವುದಿಲ್ಲ, ಯಾಕೆಂದರೆ ಹಾಳೆಯ ಹಿಂದೆ ಅಡಗಿದ್ದರಿಂದ ಪಾರಾದೆ ಎಂದು ಮನಸ್ಸು ನಂಬಿರುತ್ತದೆ. ಹಾಳೆ ಎದೆಯ ಮಟ್ಟದಲ್ಲಿರಲಿ. ಒಂದು ಸುದ್ದಿ ಮುಗಿದ ಮೇಲೆ ತಲೆಯೆತ್ತಿ ನಿಮ್ಮ ಗೆಳತಿಯ ಮುಖ ನೋಡಿ, ಮುಂದಿನದಕ್ಕೆ ಹೋಗಿ. ಹಾಗೆಯೇ ‘ಏನೂ ಆಗಲ್ಲ ತಾನೆ ಅಮ್ಮ?’ ಎಂದು ಹತ್ತು ಸಲ ಕೇಳಿದರೂ ಸಮಾಧಾನ ಐದು ನಿಮಿಷದ್ದು. ಅಮ್ಮಂದಿರು ಹನ್ನೊಂದನೇ ಸಲ ‘ಇಲ್ಲ’ ಅನ್ನುವುದಕ್ಕಿಂತ ‘ಹೆದರಿಕೆ ಆಗ್ತಿದೆ ಅಲ್ವಾ, ಬಾ, ಒಂದ್ಸಲ ನಂಗೆ ಓದಿ ಹೇಳು’ ಅನ್ನುವುದು ಮೇಲು. ಮೇಷ್ಟ್ರುಗಳಲ್ಲಿ ಒಂದು ವಿನಂತಿ: ಹೆದರಿದ ಮಗುವಿನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬೇಡಿ, ಕೆಳಗಿನ ಮೆಟ್ಟಿಲಿಗೆ ಬರೆಯಿರಿ. ಯಾರಾದರೂ ನಕ್ಕರೆ ಅಲ್ಲೇ ತಡೆಯಿರಿ.

ಇಷ್ಟು ಹೊತ್ತು ಹೇಳಿದ್ದು ಅಪಾಯವಿಲ್ಲದ ಕಡೆ ಹುಟ್ಟುವ ಹೆದರಿಕೆಯ ಮಾತು. ನಿಜವಾದ ಅಪಾಯಕ್ಕೆ ಇದು ಸಲ್ಲದು. ಯಾರೋ ನಿಮ್ಮನ್ನು ಹೊಡೆಯುತ್ತಾರೆ, ದಾರಿಯಲ್ಲಿ ಕಾಡುತ್ತಾರೆ, ಮೈ ಮುಟ್ಟುತ್ತಾರೆ, ಅದನ್ನು ಯಾರಿಗೂ ಹೇಳಬೇಡ ಎಂದು ಬೆದರಿಸುತ್ತಾರೆ ಎಂದಾದರೆ ಆ ಭಯ ಸರಿಯಾಗಿಯೇ ಇದೆ. ಅಲ್ಲಿ ಧೈರ್ಯ ಮಾಡಿ ನಿಲ್ಲಬೇಡಿ, ಮೆಟ್ಟಿಲು ಕಟ್ಟಬೇಡಿ. ಅಲ್ಲಿಂದ ದೂರ ಬಂದು ನೀವು ನಂಬುವ ದೊಡ್ಡವರಿಗೆ ಹೇಳಿ. ಒಬ್ಬರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿ.

ಮತ್ತೆ ಕೆಲವರಿಗೆ ಕಾರಣವೇ ಗೊತ್ತಾಗದ ಆತಂಕ ವಾರಗಟ್ಟಲೆ ಕಾಡುತ್ತದೆ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಆಟ ಬೇಡವಾಗುತ್ತದೆ, ಶಾಲೆ ತಪ್ಪುತ್ತ ಹೋಗುತ್ತದೆ. ಅದು ನಿಮ್ಮೊಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ. ಮನೆಯವರು ಮೊದಲು ಡಾಕ್ಟರಿಗೆ ತೋರಿಸಬೇಕು, ಅಗತ್ಯವಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಬೇಕು. ಮನಸ್ಸಿನ ತೊಂದರೆಗಳಿಗೆಂದೇ 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮಾನಸ್ ದೂರವಾಣಿ ಇದೆ, ಅದರ ನಂಬರು 14416. ಕನ್ನಡದಲ್ಲೇ ಮಾತಾಡಬಹುದು. ಯಾರಾದರೂ ಹಿಂಸೆ ಕೊಡುತ್ತಿದ್ದರೆ ಮಕ್ಕಳ ಸಹಾಯವಾಣಿ 1098. ಎರಡಕ್ಕೂ ದುಡ್ಡು ಬೇಡ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ತರಗತಿಗೆ ಹೋದ ಕೂಡಲೇ ನಿಮ್ಮ ಶಾಲಾ ಡೈರಿಯ ಕೊನೆಯ ಪುಟದಲ್ಲಿ ಈ ಎರಡು ನಂಬರು ಬರೆದುಕೊಳ್ಳಿ, ಪಕ್ಕದವರು ಬರೆದುಕೊಂಡರೇ ಎಂದೂ ನೋಡಿ.