ಅರವತ್ತು ಮನೆ, ಅರವತ್ತು ಮುಖ, ಒಂದೇ ಬೀದಿ

ಆಮ್‌ಸ್ಟರ್‌ಡ್ಯಾಂ ಎಂದೊಡನೆ ಕಾಲುವೆಗಳು, ಅವುಗಳ ದಂಡೆಯಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತ ಮುನ್ನೂರು ನಾನೂರು ವರ್ಷಗಳ ಕಿರಿದಾದ ಮನೆಗಳು ಕಣ್ಣಮುಂದೆ ಬರುತ್ತವೆ. ಪ್ರವಾಸಿಗರೆಲ್ಲ ನೋಡುವುದು ಅದನ್ನೇ. ನಾವೂ ಮೊದಲ ದಿನ ಅದನ್ನೇ ನೋಡಿದೆವು. ಎರಡನೆಯ ದಿನ, ವಾಸ್ತುಶಿಲ್ಪ ಓದುತ್ತಿರುವ ಮಗಳು ಹಟ ಹಿಡಿದು ಕರೆದುಕೊಂಡು ಹೋದದ್ದು ಊರಿನ ಪೂರ್ವಕ್ಕಿರುವ ಹಳೆಯ ಬಂದರಿನ ಕಡೆಗೆ. ಅಲ್ಲಿ ಒಂದು ಬೀದಿ ಇದೆ. ಅದರ ಹೆಸರು ಸ್ಖೀಪ್ಸ್‌ಟಿಮ್ಮರ್‌ಮನ್‌ಸ್ಟ್ರಾಟ್. ನಾಲಿಗೆ ತೊಡರಿದರೂ ಅರ್ಥ ಸರಳ: ಹಡಗು ಕಟ್ಟುವ ಬಡಗಿಗಳ ಬೀದಿ.

ಒಂದು ಕಾಲಕ್ಕೆ ಇದು ಪೂರ್ವದ ದ್ವೀಪಗಳಿಗೆ ಹೋಗಿಬರುವ ಹಡಗುಗಳ ಬಂದರು. ಅದಕ್ಕೇ ಇಲ್ಲಿನ ಕಟ್ಟೆಗಳಿಗೆ ಜಾವಾ, ಬೋರ್ನಿಯೋ ಎಂದೆಲ್ಲ ಹೆಸರು. ಹಡಗುಗಳು ದೊಡ್ಡದಾಗಿ ಬಂದರು ಬೇರೆಡೆಗೆ ಸರಿದ ಮೇಲೆ ಕಟ್ಟೆಗಳು ಪಾಳುಬಿದ್ದವು. 1990ರ ದಶಕದಲ್ಲಿ ಬೋರ್ನಿಯೋ ಮತ್ತು ಪಕ್ಕದ ಸ್ಪೋರೆನ್‌ಬರ್ಗ್‌ ಎಂಬ ಎರಡು ಉದ್ದನೆಯ ಕಟ್ಟೆಗಳ ಮೇಲೆ ಸುಮಾರು 2,500 ಮನೆ ಕಟ್ಟುವ ಯೋಜನೆಯಾಯಿತು. ನಕ್ಷೆ ಹಾಕಿದವರು ಆಡ್ರಿಯಾನ್ ಖ್ಯೋಜ಼ ಅವರ 'ವೆಸ್ಟ್ 8' ಎಂಬ ಸಂಸ್ಥೆ. ಅವರ ಮುಂದಿದ್ದ ಲೆಕ್ಕ ಕಠಿಣವಾಗಿತ್ತು: ಹೆಕ್ಟೇರಿಗೆ 100 ಮನೆ, ಎಂದರೆ ಎಕರೆಗೆ ಸುಮಾರು 40. ಇಷ್ಟು ದಟ್ಟಣೆಗೆ ಸಾಮಾನ್ಯವಾಗಿ ಬಹುಮಹಡಿ ಕಟ್ಟಡವೇ ಗತಿ. ಆದರೆ ಇಲ್ಲಿ ಬಹುಪಾಲು ಮನೆಗಳು ಮೂರೇ ಅಂತಸ್ತಿನವಾಗಿ, ಪ್ರತಿಯೊಂದಕ್ಕೂ ಬೀದಿಗೆ ತೆರೆಯುವ ಸ್ವಂತ ಬಾಗಿಲು ಇರಬೇಕೆಂದು ತೀರ್ಮಾನವಾಯಿತು.

ಯೋಜನೆಯ ಹೆಚ್ಚಿನ ಭಾಗವನ್ನು ದೊಡ್ಡ ನಿರ್ಮಾಣ ಸಂಸ್ಥೆಗಳು ಕಟ್ಟಿದವು. ಈ ಬೀದಿಯ 60 ನಿವೇಶನಗಳನ್ನು ಮಾತ್ರ ಒಬ್ಬೊಬ್ಬ ಕುಟುಂಬಕ್ಕೆ ಬಿಟ್ಟುಕೊಟ್ಟರು. ಅವರವರ ವಾಸ್ತುಶಿಲ್ಪಿಯನ್ನು ಅವರೇ ಆರಿಸಿಕೊಳ್ಳಬಹುದು. ಅರವತ್ತು ಮಂದಿ ಅರವತ್ತು ರೀತಿ ಕಟ್ಟಿದರೆ ಬೀದಿ ಸಂತೆಯಾಗದೆ ಉಳಿದೀತೆ? ನಮ್ಮ ಹೊಸ ಬಡಾವಣೆಗಳನ್ನು ನೋಡಿದವರಿಗೆ ಈ ಅನುಮಾನ ಸಹಜ.

ನಾನು ಬೀದಿಯ ತುದಿಯಲ್ಲಿ ನಿಂತು ನೋಡಿದೆ. ಒಂದು ಮನೆ ಇಟ್ಟಿಗೆಯದು, ಪಕ್ಕದ್ದು ಮರದ ಪಟ್ಟಿಗಳದ್ದು, ಮುಂದಿನದು ಗಾಜಿನದು, ಅದರಾಚೆಯದು ಬರೀ ಬೂದು ಗೋಡೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೂ ಕಣ್ಣಿಗೆ ಗಲಿಬಿಲಿ ಇಲ್ಲ. ಏಕೆಂದು ಕೇಳಿದೆ.

"ಅಪ್ಪಾ, ಕಣ್ಣು ಅರ್ಧ ಮುಚ್ಚಿ ನೋಡಿ" ಎಂದಳು ಮಗಳು.

ನೋಡಿದೆ. ಬಣ್ಣ, ಕಿಟಕಿ, ಗಾಜು ಎಲ್ಲ ಮಸುಕಾದವು. ಉಳಿದದ್ದು ಎರಡೇ. ಮೇಲೆ ತಾರಸಿಗಳ ಅಂಚು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಓಡುತ್ತದೆ; ಅದನ್ನು ಮನೆಮನೆಯ ನಡುವಿನ ನೆಟ್ಟನೆಯ ಗೆರೆಗಳು ಹದಿನೈದಿಪ್ಪತ್ತು ಅಡಿಗೊಮ್ಮೆ ಕತ್ತರಿಸುತ್ತವೆ. ತಾಳಕ್ಕೆ ಬೇಕಾದದ್ದು ಇಷ್ಟೇ. ಹಾಡುವವರು ಬೇರೆಯಾದರೂ ತಾಳ ಹಾಕುವ ಕೈ ಒಂದೇ.

ಆ ಕೈ ಯಾವುದೆಂದರೆ ನಾಲ್ಕೈದು ನಿಯಮಗಳು. ನಿವೇಶನದ ಅಗಲ 4.2 ಮೀಟರಿನಿಂದ 6 ಮೀಟರ್, ಉದ್ದ 16 ಮೀಟರ್. ನಮ್ಮ ಲೆಕ್ಕದಲ್ಲಿ ಅತಿ ಕಿರಿದಾದದ್ದು 14 ಅಡಿ ಅಗಲ, 52 ಅಡಿ ಉದ್ದ. ಮೂವತ್ತು-ನಲವತ್ತರ ಸೈಟಿನ ಮುಕ್ಕಾಲು ಭಾಗವೂ ಇಲ್ಲ. ಮನೆ ಬೀದಿಯ ಅಂಚಿಗೇ ನಿಲ್ಲಬೇಕು. ಮುಂದೆ ಕೈತೋಟ, ಕಾಂಪೌಂಡು ಎಂದು ಹಿಂದೆ ಸರಿಯುವಂತಿಲ್ಲ. ಒಟ್ಟು ಎತ್ತರಕ್ಕೆ ಮಿತಿಯುಂಟು. ನೆಲಮಹಡಿ ಮಾತ್ರ 3.5 ಮೀಟರ್ ಎತ್ತರವಿರಬೇಕು. ಮುಂದೊಂದು ದಿನ ಅದನ್ನು ಕಚೇರಿಯನ್ನಾಗಿಯೋ ಕೆಲಸದ ಕೋಣೆಯನ್ನಾಗಿಯೋ ಮಾಡಿಕೊಳ್ಳಲಿ ಎಂದು. ಬೀದಿಯನ್ನು ಕಟ್ಟಿಹಿಡಿಯುವ ಅಳತೆಗಳನ್ನಷ್ಟೇ ಬಿಗಿಮಾಡಿ, ಗೋಡೆ ಯಾವುದರದ್ದು, ಕಿಟಕಿ ಎಲ್ಲಿ, ಒಳಗೆ ಮೆಟ್ಟಿಲು ಎತ್ತ ಎಂಬುದನ್ನು ಮಾಲೀಕರಿಗೇ ಬಿಟ್ಟರು.

ಆದರೆ ಇಂಥ ಸೈಟಿನಲ್ಲಿ ಬೇರೊಂದು ತಾಪತ್ರಯವಿದೆ. ಎರಡೂ ಪಕ್ಕ ನೆರೆಯವರ ಗೋಡೆ. ಬೆಳಕು ಬರುವುದು ಮುಂದಿನಿಂದ, ಇಲ್ಲವೇ ಹಿಂದಿನ ನೀರಿನ ಕಡೆಯಿಂದ. 52 ಅಡಿ ಉದ್ದದ ಮನೆಯ ನಡುಭಾಗ ಕತ್ತಲೆಯಾಗಿಬಿಡುತ್ತದೆ. ಇಲ್ಲಿ ವಾಸ್ತುಶಿಲ್ಪಿಗಳ ನಿಜವಾದ ಪರೀಕ್ಷೆ ಮುಂಗೋಡೆಯ ಅಲಂಕಾರವಲ್ಲ, ಈ ಕತ್ತಲೆ. ಕೂನ್ ಫಾನ್ ಫೆಲ್ಸೆನ್ ಎಂಬವರು ತಮ್ಮ ಪಾಲಿಗೆ ಬಂದ ಮನೆಯಲ್ಲಿ ಮುಂಗೋಡೆಯ ಹಿಂದೆಯೇ ತೆರೆದ ಅಂಗಳ ಬಿಟ್ಟು ಅದರಲ್ಲಿ ಮರ ಬೆಳೆಸಿದರು. ನಮ್ಮ ತೊಟ್ಟಿಮನೆಯ ಉಪಾಯವೇ.

ಎಂ.ವಿ.ಆರ್.ಡಿ.ವಿ. ಎಂಬ ಸಂಸ್ಥೆ 12ನೇ ನಿವೇಶನದಲ್ಲಿ ಮಾಡಿದ್ದು ಇನ್ನೂ ಧೈರ್ಯದ ಕೆಲಸ. ಸೈಟು ಐದು ಮೀಟರ್ ಅಗಲ. ಅದರಲ್ಲಿ ಅರ್ಧವನ್ನು ಖಾಸಗಿ ಓಣಿಯಾಗಿ ಬಿಟ್ಟು, ಉಳಿದ ಎರಡೂವರೆ ಮೀಟರಿನಲ್ಲಿ ಮನೆ ಕಟ್ಟಿದರು! ಮೊದಲೇ ಚಿಕ್ಕ ಸೈಟು, ಅದರಲ್ಲಿ ಅರ್ಧ ಬಿಡುವುದು ಹುಚ್ಚುತನವಲ್ಲವೆ ಎಂದೆ. ಮಗಳು ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿ ತೋರಿಸಿದಳು. ಐದು ಮೀಟರನ್ನೂ ತುಂಬಿ ಕಟ್ಟಿದ್ದರೆ ಬೆಳಕು ಬರುವ ಗೋಡೆ ಮುಂದೆ ಐದು, ಹಿಂದೆ ಐದು, ಒಟ್ಟು 10 ಮೀಟರ್. ಈಗಲಾದರೆ ಮುಂದೆ ಎರಡೂವರೆ, ಹಿಂದೆ ಎರಡೂವರೆ, ಓಣಿಯುದ್ದಕ್ಕೂ 16. ಒಟ್ಟು 21 ಮೀಟರ್. ಜಾಗ ಅರ್ಧಕ್ಕಿಳಿಯಿತು, ಬೆಳಕಿನ ಗೋಡೆ ಎರಡರಷ್ಟಾಯಿತು. ಎಂಟಡಿ ಅಗಲದ ಕೋಣೆ ರೈಲುಡಬ್ಬಿಯಂತಾಗಬಾರದೆಂದು ಎರಡು ಪೆಟ್ಟಿಗೆಗಳಂಥ ಭಾಗಗಳನ್ನು ಓಣಿಯ ಮೇಲಕ್ಕೆ ಚಾಚಿ ತೂಗುಹಾಕಿದ್ದಾರೆ. ಮಕ್ಕಳುಮರಿ ತುಂಬಿದ ಸಂಸಾರಕ್ಕೆ ಈ ಮನೆ ಸಾಲದು, ನಿಜ. ಆದರೆ ಕೊರತೆ ಯಾವುದೆಂದು ಸರಿಯಾಗಿ ಗುರುತಿಸಿ, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕೆಂದು ಲೆಕ್ಕಹಾಕಿ ಕಟ್ಟಿದ್ದು.

ಬೀದಿಯಲ್ಲಿ ಕುಂದೂ ಇದೆ. ಹಲವು ಮನೆಗಳ ನೆಲಮಹಡಿಯಲ್ಲಿ ಬೀದಿಗೆ ಕಾಣುವುದು ಕಾರು ಶೆಡ್ಡಿನ ಮುಚ್ಚಿದ ಬಾಗಿಲು. ಮನೆಗಳು ಮುಖ ಅರಳಿಸುವುದು ಹಿಂಬದಿಯ ನೀರಿನತ್ತ. ಅಲ್ಲಿ ಗೋಡೆಗಳು ನೇರ ನೀರಿಗೇ ಇಳಿದಿವೆ, ಹಿತ್ತಲ ಬಾಗಿಲಲ್ಲಿ ಹಸು ಕಟ್ಟಿದಂತೆ ದೋಣಿ ಕಟ್ಟಿದ್ದಾರೆ. ಬೀದಿಯಲ್ಲಿ ಮರಗಳಿಲ್ಲದ ಬಿಗುಪು. ಜಗಲಿ, ಕಟ್ಟೆ ಎಂದು ಕೂರುವ ಜಾಗವಿಲ್ಲ. ಮನೆಯೊಳಗಿನ ಬೆಳಕಿಗೆ ತಲೆಕೆಡಿಸಿಕೊಂಡಷ್ಟು, ಬೀದಿಯಲ್ಲಿ ನಿಂತು ಮಾತಾಡುವವರ ಬಗ್ಗೆ ಯೋಚಿಸಿದಂತೆ ಕಾಣಲಿಲ್ಲ. ನಿಯಮಗಳು ಸಾಲನ್ನು ಕಾಪಾಡಿದವು; ಅವು ಹೇಳದೆ ಬಿಟ್ಟದ್ದನ್ನು ಯಾರೂ ಮಾಡಲಿಲ್ಲ.

ಅರವತ್ತು ಮನೆಗಳ ಬೀದಿ ಹೆಚ್ಚೆಂದರೆ ಮುನ್ನೂರು ಮೀಟರ್. ಐದು ನಿಮಿಷದ ನಡಿಗೆ. ನಮಗೆ ಎರಡು ಗಂಟೆ ಹಿಡಿಯಿತು. ಮಗಳು ಪೆನ್ನು ಎತ್ತದೆ ಒಂದೇ ಗೆರೆಯಲ್ಲಿ ತಾರಸಿಯ ಅಂಚನ್ನು ಬಿಡಿಸಿದಳು. ನಂತರ ಪ್ರತಿ ಮನೆಯ ಬಾಗಿಲನ್ನಷ್ಟೇ ಬೇರೆಬೇರೆಯಾಗಿ ಬಿಡಿಸಿದಳು. ಮೊದಲ ಚಿತ್ರಕ್ಕೆ ಒಂದು ನಿಮಿಷ ಬೇಕಾಯಿತು, ಎರಡನೆಯದು ಮುಗಿಯಲೇ ಇಲ್ಲ.

ನೋಡುವ ಮನಸ್ಸಿದ್ದರೆ ಆಮ್‌ಸ್ಟರ್‌ಡ್ಯಾಂ ಸೆಂಟ್ರಲ್ ನಿಲ್ದಾಣದಿಂದ 26ನೇ ನಂಬರಿನ ಟ್ರಾಮ್ ಹಿಡಿದು ರೀಟ್‌ಲಾಂಡ್‌ಪಾರ್ಕ್‌ನಲ್ಲಿ ಇಳಿದು ನಡೆಯಬಹುದು. ಬೀದಿ ಮುಗಿಸಿ ನೀರಿನಾಚೆಯ ದಂಡೆಗೂ ಹೋಗಿ ನಿಲ್ಲಬೇಕು. ಆ ಕಡೆಯಿಂದ ನೋಡಿದಾಗಲೇ ಇಡೀ ಸಾಲು ಒಮ್ಮೆಗೆ ಕಾಣುವುದು. ಎಲ್ಲವೂ ಜನ ವಾಸಿಸುವ ಮನೆಗಳು. ಕಿಟಕಿಗಳಿಗೆ ಪರದೆ ಇಲ್ಲವೆಂದು ಒಳಗೆ ಇಣುಕದಿರುವುದು ಮರ್ಯಾದೆ.