ಆರು ಸಲ ‘ಕಾಯಕ’

ಸಾರಲೇಖ 300 ಪದ ಮೀರಬಾರದು, ಹಿಂದಿಯಲ್ಲಿಯೇ ಇರಬೇಕು. ಆಹ್ವಾನದಲ್ಲಿ ಇದ್ದ ಷರತ್ತು ಇಷ್ಟೇ. ಉತ್ತರದ ಒಂದು ವಿಶ್ವವಿದ್ಯಾಲಯದ ಹಿಂದಿ ವಿಭಾಗ ಭಕ್ತಿ ಸಾಹಿತ್ಯದ ಮೇಲೆ ವಿಚಾರ ಸಂಕಿರಣ ಇಟ್ಟುಕೊಂಡಿತ್ತು. ನನ್ನ ಪಿಎಚ್‌ಡಿ ಶರಣೆಯರ ವಚನಗಳಲ್ಲಿ ಕಾಯಕದ ಕಲ್ಪನೆಯ ಕುರಿತು. ಕನ್ನಡದ ಸಾರಲೇಖ ಆಗಲೇ ಸಿದ್ಧವಿತ್ತು, ನನ್ನ ಮಾರ್ಗದರ್ಶಕರೂ ಅದನ್ನು ಓದಿ ಒಪ್ಪಿದ್ದರು. ಪಾರಿಭಾಷಿಕ ಪದಗಳೆಲ್ಲ ಹೆಚ್ಚುಕಡಿಮೆ ಸಂಸ್ಕೃತದವೇ ತಾನೆ, ವಿಭಕ್ತಿ, ಕ್ರಿಯಾಪದ ಬದಲಾಯಿಸಿದರೆ ಹಿಂದಿ ಆಯಿತು ಎಂದುಕೊಂಡು ಒಂದೇ ಸಂಜೆಯಲ್ಲಿ ಮುಗಿಸಿಬಿಟ್ಟೆ.

ಹಾಸ್ಟೆಲಿನ ಮೇಲಿನ ಮಹಡಿಯಲ್ಲಿ ಗಯಾ ಕಡೆಯ ದೀದಿಯೊಬ್ಬರಿದ್ದಾರೆ. ಹಿಂದಿಯಲ್ಲಿ ಸಂಶೋಧನೆ ಮಾಡುತ್ತಿರುವವರು. ಅವರಿಗೆ ಓದಲು ಕೊಟ್ಟೆ. ವ್ಯಾಕರಣದ ತಪ್ಪು ಎರಡೇ ಎರಡು ಸಿಕ್ಕವು. ಆಮೇಲೆ ಕೇಳಿದರು: “ಕರ್ಮ್, ಶ್ರಮ್, ಕಾರ್ಯ್, ಪೇಶಾ ಅಂತ ನಾಲ್ಕು ಪರಿಕಲ್ಪನೆ ತಂದಿದ್ದೀಯ. ಇವುಗಳ ನಡುವಿನ ವ್ಯತ್ಯಾಸ ಏನು ಅಂತ ಎಲ್ಲೂ ಹೇಳೇ ಇಲ್ಲವಲ್ಲ?”

ನಾನು ನಾಲ್ಕು ಪರಿಕಲ್ಪನೆ ತಂದಿರಲಿಲ್ಲ. ಒಂದೇ ಪದ ಮತ್ತೆ ಮತ್ತೆ ಬಂದರೆ ಬರವಣಿಗೆ ಸಪ್ಪೆಯಾಗುತ್ತದೆ ಎಂದು ಶಾಲೆಯಲ್ಲಿ ಕಲಿಸಿದ್ದನ್ನು ಪಾಲಿಸಿದ್ದೆ, ಅಷ್ಟೇ. ಕೋಣೆಗೆ ಬಂದು ಎರಡೂ ಕಡತಗಳನ್ನು ಪಕ್ಕಪಕ್ಕದಲ್ಲಿ ತೆರೆದು ಎಣಿಸಿದೆ. ಕನ್ನಡದಲ್ಲಿ ‘ಕಾಯಕ’ ಆರು ಸಲ ಇತ್ತು. ಹಿಂದಿಯಲ್ಲಿ ಆ ಆರು ಎರಡು ‘ಕರ್ಮ್’, ಎರಡು ‘ಶ್ರಮ್’, ಒಂದು ‘ಕಾರ್ಯ್’, ಒಂದು ‘ಪೇಶಾ’ ಆಗಿ ಚೆದುರಿಹೋಗಿದ್ದವು.

ಒಂದನ್ನೇ ಉಳಿಸಬೇಕಾದರೆ ಯಾವುದನ್ನು? ‘ಕರ್ಮ್’ ಎಂದ ಕೂಡಲೇ ಹಿಂದಿ ಓದುಗರ ಮನಸ್ಸು ಗೀತೆಯ ನಿಷ್ಕಾಮ ಕರ್ಮಕ್ಕೋ ಹಿಂದಿನ ಜನ್ಮದ ಫಲಕ್ಕೋ ಹೋಗುತ್ತದೆ. ಕಾಯಕ ಹಾಗಲ್ಲ. ಅದರಲ್ಲಿ ಗಳಿಕೆ ಇದೆ, ಆ ಗಳಿಕೆಗೊಂದು ಮಿತಿ ಇದೆ, ಅದು ದಾಸೋಹಕ್ಕೆ ಸಲ್ಲಬೇಕು. ಆಯ್ದಕ್ಕಿ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದು ಲಕ್ಕಮ್ಮ ತಿರುಗಿ ಕಳಿಸಿದ ಕತೆ ಎಲ್ಲರಿಗೂ ಗೊತ್ತು. ಆ ಕತೆ ‘ಕರ್ಮ್’ ಎಂಬ ಪದದೊಳಗೆ ಹಿಡಿಸುವುದಿಲ್ಲ. ‘ಶ್ರಮ್’ ಎಂದರೆ ಮೈದುಡಿಮೆ ಮಾತ್ರ ಉಳಿಯುತ್ತದೆ, ‘ಪೇಶಾ’ ಎಂದರೆ ಸಂಪಾದನೆ ಮಾತ್ರ. ಇಂಗ್ಲಿಷಿನ ದಾರಿ ಹಿಡಿದರೆ ‘ವರ್ಕ್’ ಆಗಿ, ಅಲ್ಲಿಂದ ಬರೀ ‘ಕಾಮ್’ ಆಗುತ್ತದೆ.

ಹಾಗಾಗಿ ‘ಕಾಯಕ’ವನ್ನು ನಾಗರಿಯಲ್ಲಿ ಹಾಗೆಯೇ ಇಡುವುದೆಂದು ತೀರ್ಮಾನಿಸಿದೆ. ಮೊದಲ ಸಲ ಬಂದಾಗ ಮಾತ್ರ ‘ದಾಸೋಹಕ್ಕೆ ಅರ್ಪಿತವಾಗುವ, ಮಿತಿಯುಳ್ಳ ಗಳಿಕೆಯ ದುಡಿಮೆ’ ಎಂಬ ಅರ್ಥದ ವಿವರಣೆ, ಉಳಿದ ಐದು ಕಡೆ ಬರೀ ಪದ. 300 ಪದಗಳಲ್ಲಿ ಇಂಥ ವಿವರಣೆಯನ್ನು ಒಂದೇ ಸಲ ಕೊಡಲು ಸಾಧ್ಯ, ಎಲ್ಲ ಪದಗಳಿಗೂ ಕೊಡುತ್ತ ಹೋದರೆ ವಾದಕ್ಕೆ ಜಾಗ ಉಳಿಯುವುದಿಲ್ಲ.

ಇದೇ ಉಪಾಯವನ್ನು ‘ಅನುಭಾವ’ಕ್ಕೂ ಬಳಸಹೊರಟೆ. ದೀದಿ ತಡೆದರು. ಹಿಂದಿಯ ಕಾವ್ಯಮೀಮಾಂಸೆಯಲ್ಲಿ ‘ಅನುಭಾವ್’ ಎಂದರೆ ರಸಪ್ರಕರಣದ ಪದ. ವಿಭಾವ, ಅನುಭಾವ, ವ್ಯಭಿಚಾರಿ ಭಾವ ಎಂದು ನಾವೂ ಎಂಎಯಲ್ಲಿ ಓದಿದ್ದೇ. ಮನಸ್ಸಿನ ಭಾವವನ್ನು ಹೊರಗೆ ತೋರಿಸುವ ನೋಟ, ಚೇಷ್ಟೆಗಳು ಅವು. ವಚನಗಳ ಪರಿಚಯವಿರುವ ಕನ್ನಡಿಗರು ಎರಡು ಅರ್ಥಗಳನ್ನೂ ಸಂದರ್ಭ ನೋಡಿ ಬೇರ್ಪಡಿಸಿಕೊಳ್ಳುತ್ತಾರೆ. ಹಿಂದಿ ಸಭೆಗೆ ಆ ಅನುಕೂಲವಿಲ್ಲ. ‘ಕಾಯಕ’ ಅವರಿಗೆ ಹೊಸದು, ಆದ್ದರಿಂದ ನಿಂತು ನನ್ನ ವಿವರಣೆ ಓದುತ್ತಾರೆ. ‘ಅನುಭಾವ್’ ಗೊತ್ತಿರುವ ಪದ, ನಿಲ್ಲದೆ ತಪ್ಪು ಅರ್ಥದೊಂದಿಗೆ ಮುಂದೆ ಹೋಗುತ್ತಾರೆ. ಕೊನೆಗೆ ಅದನ್ನು ಎರಡು ಕಡೆಯೂ ‘ಆಧ್ಯಾತ್ಮಿಕ್ ಅನುಭೂತಿ’ ಎಂದು ಮಾಡಿದೆ. ಏನೋ ಒಂದಿಷ್ಟು ಸೋರಿಹೋಯಿತು, ನಿಜ. ಆದರೆ ದಾರಿ ತಪ್ಪಲಿಲ್ಲ.

ಅದೇ ರಾತ್ರಿ ಒಂದು ಪಟ್ಟಿ ಮಾಡಿದೆ. ಮೊದಲ ಅಂಕಣದಲ್ಲಿ ಕನ್ನಡ ಪದ, ಎರಡನೆಯದರಲ್ಲಿ ಹಿಂದಿ, ಮೂರನೆಯದರಲ್ಲಿ ಬಳಸಬಾರದ ಪದ. ಹೆಚ್ಚು ಉಪಯೋಗಕ್ಕೆ ಬಂದದ್ದು ಮೂರನೆಯದೇ. ‘ವಿಮರ್ಶಕ’ರನ್ನು ಹಿಂದಿಯಲ್ಲಿ ‘ಆಲೋಚಕ್’ ಎನ್ನಬೇಕು. ನಮ್ಮ ‘ಆಲೋಚನೆ’ಯನ್ನು ಅಲ್ಲಿ ‘ಆಲೋಚನಾ’ ಎನ್ನಬಾರದು, ಅದು ವಿಮರ್ಶೆಯಾಗುತ್ತದೆ, ‘ಚಿಂತನ್’ ಎನ್ನಬೇಕು. ‘ಶರಣೆಯರ ಆಲೋಚನೆ’ ಎಂದು ಬರೆದಿದ್ದ ನಾನು ಮೊದಲ ಕರಡಿನಲ್ಲಿ ಅವರನ್ನೆಲ್ಲ ಸಾಹಿತ್ಯ ವಿಮರ್ಶಕಿಯರನ್ನಾಗಿ ಮಾಡಿಬಿಟ್ಟಿದ್ದೆ!

ಪಟ್ಟಿಯಲ್ಲಿ ಮುಂದೆ ‘ದುಡಿಮೆ’ ಬಂತು. ಅದಕ್ಕೆ ‘ಶ್ರಮ್’ ಎಂದು ಬರೆದು ಕನ್ನಡದ ಮೂಲಕ್ಕೆ ಹೋದಾಗ ಕೈ ನಿಂತಿತು. ‘ದುಡಿಮೆ’ ಮೂರು ಕಡೆ ಇತ್ತು. ಎರಡು ಕಡೆ ಅದು ನೂಲುವುದು, ಅಕ್ಕಿ ಆಯುವುದು ಮುಂತಾದ ಕಾಯಕದ್ದೇ ಮಾತು. ಮೂರನೆಯ ಕಡೆ ಅಡುಗೆ, ನೀರು, ಮಕ್ಕಳು ಎನ್ನುವ ಮನೆಯೊಳಗಿನ ದುಡಿಮೆ. ಅದಾದ ಮೇಲಿನ ವಾಕ್ಯ ಹೀಗಿತ್ತು: ‘ಹೀಗೆ ಶರಣೆಯರ ಕಾಯಕ ಮನೆಯ ಒಳಗೂ ಹೊರಗೂ ಹಬ್ಬಿದೆ.’

ಕನ್ನಡದಲ್ಲಿ ಇದು ಸಲೀಸಾಗಿ ಓದಿಸಿಕೊಂಡು ಹೋಗುತ್ತಿತ್ತು. ದುಡಿಮೆಯಿಂದ ಕಾಯಕಕ್ಕೆ ಜಾರಿದ್ದು ನನಗಾಗಲಿ ಮಾರ್ಗದರ್ಶಕರಿಗಾಗಲಿ ಕಂಡಿರಲಿಲ್ಲ. ಹಿಂದಿಯಲ್ಲಿ ಒಂದಕ್ಕೆ ‘ಶ್ರಮ್’, ಇನ್ನೊಂದಕ್ಕೆ ‘ಕಾಯಕ’ ಎಂದು ಗೆರೆ ಎಳೆದುಕೊಂಡ ಮೇಲೆ ಎರಡು ವಾಕ್ಯಗಳ ನಡುವಿನ ಬಿರುಕು ಬಾಯಿ ತೆರೆದು ನಿಂತಿತು. ಮನೆಗೆಲಸವನ್ನು ಕಾಯಕ ಎಂದವರು ಯಾರು? ನಾನು ಆರಿಸಿಕೊಂಡ ವಚನಗಳ ಟಿಪ್ಪಣಿಗಳನ್ನೆಲ್ಲ ತಿರುವಿದೆ. ಹಾಗೆ ಕರೆದ ಒಂದು ಸಾಲೂ ಸಿಗಲಿಲ್ಲ. ಕರೆದಿದ್ದವಳು ನಾನು. ಮೂರನೆಯ ಅಧ್ಯಾಯ ಪೂರ್ತಿ ಆ ಒಂದು ಜಾರುವಿಕೆಯ ಮೇಲೆ ನಿಂತಿತ್ತು.

ಮರುದಿನ ಹೋಗಿ ಹೇಳಿದೆ. ಸರ್ ಎರಡು ವಾಕ್ಯಗಳನ್ನೂ ಎರಡು ಸಲ ಓದಿದರು. “ನೋಡಮ್ಮ, ಅದನ್ನ ಕಾಯಕ ಅನ್ನಬೇಕು ಅಂತ ವಾದ ಮಾಡೋದು ಬೇರೆ, ವಚನದಲ್ಲೇ ಹಾಗಿದೆ ಅನ್ನೋದು ಬೇರೆ. ನೀನು ಮಾಡ್ತಿರೋದು ಯಾವುದು?” ಎಂದರು. ಉತ್ತರ ನನ್ನ ಬಳಿ ಇರಲಿಲ್ಲ.

ಕನ್ನಡದ ಸಾರಲೇಖವನ್ನೇ ತಿದ್ದಿದೆ. ಕಾಯಕದ ಅರ್ಥದಲ್ಲಿದ್ದ ಎರಡು ‘ದುಡಿಮೆ’ಗಳು ‘ಕಾಯಕ’ವಾದವು, ಕೊನೆಯ ವಾಕ್ಯ ‘ಮನೆಯೊಳಗಿನ ದುಡಿಮೆಗೆ ಈ ವಚನಗಳು ಕಾಯಕದ ಹೆಸರು ಕೊಡುವುದಿಲ್ಲ, ಈ ಮೌನವನ್ನು ಹೇಗೆ ಓದಬೇಕು?’ ಎಂದಾಯಿತು. ಈಗ ಎಣಿಸಿದರೆ ಕಾಯಕ ಎಂಟು ಕಡೆ. ಹಿಂದಿಯಲ್ಲೂ ಎಂಟು ಇರಬೇಕು. ಎಣಿಸುವುದು ಸುಲಭ. ಕನ್ನಡದಲ್ಲಿ ‘ಕಾಯಕವನ್ನು’, ‘ಕಾಯಕದ’ ಎಂದು ಪ್ರತ್ಯಯ ಅಂಟಿಕೊಂಡರೂ ‘ಕಾಯಕ’ ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ. ಹಿಂದಿಯಲ್ಲಿ ‘ಕೋ’, ‘ಕಾ’ಗಳು ಬೇರೆಯಾಗಿಯೇ ನಿಲ್ಲುತ್ತವೆ. ಸಂಖ್ಯೆ ಸರಿಬಂದರೆ ಅನುವಾದ ಸರಿಯಾಯಿತೆಂದಲ್ಲ, ಸಂಖ್ಯೆ ತಪ್ಪಿದರೆ ಎಲ್ಲೋ ಏನೋ ಆಗಿದೆ ಎಂದಂತೂ ಹೌದು.

ಆಗಿಯೂ ಇತ್ತು. ಸಂಕಿರಣದವರು ಕಳಿಸಿದ ಕರಡಚ್ಚಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಆರು. ಉಳಿದ ಎರಡು ಕಡೆ ಯಾರೋ ಒಳ್ಳೆಯ ಮನಸ್ಸಿನಿಂದಲೇ ‘ಕಾಯಿಕ’ ಎಂದು ತಿದ್ದಿದ್ದರು. ಹಿಂದಿಯಲ್ಲಿ ಅದು ದೈಹಿಕ ಎಂಬ ಅರ್ಥದ, ಎಲ್ಲರಿಗೂ ಗೊತ್ತಿರುವ ಪದ. ಒಂದು ‘ಇ’ಕಾರ ಸೇರಿ ಲಕ್ಕಮ್ಮನ ಕಾಯಕ ಮತ್ತೆ ಮೈದುಡಿಮೆಯಾಗಿತ್ತು. ಇದು ಅಚ್ಚಿನ ತಪ್ಪಲ್ಲ, ಹೀಗೆಯೇ ಇರಲಿ ಎಂದು ವಿನಂತಿಸಿ ಪತ್ರ ಬರೆದೆ. ಸರಿಪಡಿಸಿದರು.

ಸಾರಲೇಖ ಹೋಯಿತು, ಒಪ್ಪಿಗೆಯೂ ಬಂತು. ಮೂರನೆಯ ಅಧ್ಯಾಯ ಮಾತ್ರ ಇನ್ನೂ ಮೇಜಿನ ಮೇಲಿದೆ. ಅದರ ಶೀರ್ಷಿಕೆಯಲ್ಲಿದ್ದ ‘ಕಾಯಕ’ವನ್ನು ಹೊಡೆದುಹಾಕಿ ‘ದುಡಿಮೆ’ ಎಂದು ಬರೆದಿದ್ದೇನೆ. ಸರ್ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಂದ ಶುರುವಾಗಬೇಕು.