ಊರಲ್ಲಿ ಕಳೆದ ಎರಡು ವರ್ಷಕ್ಕೆ ಏನು ಬರೆದೆವು?

ಡಿಗ್ರಿ ಕ್ಲಾಸು ಮುಗಿದ ಮೇಲೆ ನಾವಿಬ್ಬರೂ ಎರಡು ವರ್ಷ ಊರಲ್ಲೇ ಇದ್ದೆವು. ಒಬ್ಬರ ಅಪ್ಪನಿಗೆ ಸೊಂಟದ ಆಪರೇಷನ್ ಆಗಿ, ಹಸು ನೋಡಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇನ್ನೊಬ್ಬರಿಗೆ ಅರ್ಥಶಾಸ್ತ್ರದ ಒಂದು ಪೇಪರ್ ಬಾಕಿ ಉಳಿದಿತ್ತು. 2024ರಲ್ಲಿ ಪತ್ರಿಕೋದ್ಯಮ ಎಂ.ಎ.ಗೆ ಅರ್ಜಿ ಹಾಕಲು ಹೋದಾಗ, ದಾಖಲೆಗಳ ಪಟ್ಟಿಯಲ್ಲಿ ಗ್ಯಾಪ್ ಸರ್ಟಿಫಿಕೇಟ್ ಅಂತ ಇತ್ತು.

ಸೈಬರ್ ಸೆಂಟರಿನ ಅಣ್ಣ, "ಯಾವುದಾದ್ರೂ ಶಾಲೇಲಿ ಪಾಠ ಮಾಡಿದ್ವಿ ಅಂತ ಒಂದು ಲೆಟರ್ ಮಾಡಿಸ್ಕೊಂಡು ಬನ್ನಿ" ಅಂದರು. ಸುಳ್ಳಲ್ಲ, ನಮಗೂ ಆಸೆ ಆಯಿತು. ಆದರೆ ಅಂಕಪಟ್ಟಿ ತೆಗೆದು ನೋಡಿದೆವು. ಬಾಕಿ ಪೇಪರ್ ಯಾವ ತಿಂಗಳು, ಯಾವ ವರ್ಷ ಪಾಸಾಯಿತು ಅನ್ನುವುದು ಅದರಲ್ಲೇ ಅಚ್ಚಾಗಿದೆ. ಅರ್ಜಿ ಪರಿಶೀಲಿಸುವವರು ಮೊದಲು ನೋಡುವುದೇ ಅದನ್ನು. "ಸಂಬಳ ಯಾವ ಖಾತೆಗೆ ಬಂತು?" ಅಂತ ಒಂದು ಮಾತು ಕೇಳಿದರೆ ಆ ಲೆಟರಿನ ಕಥೆ ಮುಗಿಯಿತು. ಸೀಟು ಸಿಕ್ಕ ಮೇಲೆ ಗೊತ್ತಾದರೂ ಪ್ರವೇಶ ರದ್ದಾಗಬಹುದು.

ತಾಲ್ಲೂಕು ಕೋರ್ಟ್ ಹತ್ತಿರ ಇ-ಸ್ಟ್ಯಾಂಪ್ ಪೇಪರ್ ತೆಗೆದುಕೊಂಡು ಅಫಿಡವಿಟ್ ಟೈಪ್ ಮಾಡಿಸಿದೆವು. ಟೈಪಿಸ್ಟ್ ಬಳಿ ರೆಡಿ ಒಕ್ಕಣೆ ಇತ್ತು: "ವೈಯಕ್ತಿಕ ಕಾರಣಗಳಿಂದ ವ್ಯಾಸಂಗ ಮುಂದುವರಿಸಿರುವುದಿಲ್ಲ." ಅದನ್ನು ತೆಗೆಸಿ ಹೀಗೆ ಹಾಕಿಸಿದೆವು: "2022ರ ಆಗಸ್ಟ್‌ನಲ್ಲಿ ಬಿ.ಎ. ತೇರ್ಗಡೆಯಾಗಿರುತ್ತೇನೆ. ತಂದೆಯವರ ಶಸ್ತ್ರಚಿಕಿತ್ಸೆಯ ಕಾರಣ ಮನೆಯ ಹೈನುಗಾರಿಕೆ ನೋಡಿಕೊಂಡಿರುತ್ತೇನೆ. ಈ ಅವಧಿಯಲ್ಲಿ ಬೇರೆ ಯಾವ ಕೋರ್ಸಿಗೂ ಸೇರಿರುವುದಿಲ್ಲ." ಕೊನೆಯ ಸಾಲು ಬಿಡಬೇಡಿ. ನಡುವೆ ಬೇರೆಲ್ಲಾದರೂ ಸೇರಿ ಬಿಟ್ಟಿದ್ದರೆ ಅದನ್ನೂ ಬರೆಯಬೇಕು. ಎಲ್ಲ ಓದಿ ನೋಡಿದ ಮೇಲೆಯೇ ನೋಟರಿ ಮುಂದೆ ಸಹಿ ಹಾಕಿದೆವು. ಅಫಿಡವಿಟ್ ಅಂದರೆ ಪ್ರಮಾಣ. ಅದರಲ್ಲಿ ಸುಳ್ಳು ಬರೆದರೆ ಶಿಕ್ಷೆಯಾಗುವ ಅಪರಾಧ.

ಬಾಕಿ ಪೇಪರಿನವರ ಲೆಕ್ಕ ಬೇರೆ ಇತ್ತು. ನಾವು ಅದನ್ನೂ ಎರಡು ವರ್ಷದ ಗ್ಯಾಪ್ ಅಂದುಕೊಂಡಿದ್ದೆವು. ಆದರೆ ಪೇಪರ್ ಪಾಸಾಗಿ ಡಿಗ್ರಿ ಪೂರ್ತಿಯಾದದ್ದು 2023ರ ಆಗಸ್ಟ್‌ನಲ್ಲಿ. ಗ್ಯಾಪ್ ಶುರುವಾಗುವುದು ಅಲ್ಲಿಂದ, ಅಂದರೆ ಒಂದೇ ವರ್ಷ. ಅದಕ್ಕೆ ಮುಂಚಿನ ವರ್ಷಕ್ಕೆ "ಒಂದು ವಿಷಯದ ಮರುಪರೀಕ್ಷೆ ಬರೆದಿದ್ದೇನೆ" ಅನ್ನುವ ಒಂದು ಸಾಲು ಸಾಕಾಯಿತು. ನಾಚಿಕೆಗೆ ಮುಚ್ಚಿಡಲು ಹೋಗಿದ್ದರೆ ಅಂಕಪಟ್ಟಿಗೂ ಅಫಿಡವಿಟ್‌ಗೂ ತಾಳೆಯೇ ಆಗುತ್ತಿರಲಿಲ್ಲ.

ದಾಖಲೆ ಪರಿಶೀಲನೆ ದಿನ ಮೇಡಂ ಕೇಳಿದ್ದು ಒಂದೇ: "ಎರಡು ವರ್ಷ ಹಸು ಸಾಕಿದ್ಯೇನಮ್ಮಾ?" "ಹೌದು ಮೇಡಂ, ಮೂರು ಹಸು. ಡೇರಿಗೆ ಹಾಲು ಹಾಕ್ತಿದ್ದೆ." ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಡೇರಿ ಪಾಸ್‌ಬುಕ್ ಎರಡೂ ಬ್ಯಾಗಲ್ಲಿದ್ದವು. ಅವರು ಕೇಳಲಿಲ್ಲ. ಕೇಳಿದ್ದರೆ ತೋರಿಸಲು ನಮ್ಮ ಹತ್ತಿರ ಇತ್ತು.